ಬಿಲ್ಲಿನ ಡಾಲರಿಗೆ ದರ ನಿಲ್ಲುವುದು ಯಾವ ದಿನ?

(ಕಾಸರಗೋಡಿನಲ್ಲಿ ಗಡಿನಾಡಿನ ಸಣ್ಣ ರಫ್ತುದಾರರು ಮತ್ತು ಅವರ ಲೆಕ್ಕಪತ್ರ ನೋಡಿಕೊಳ್ಳುವವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಗೇರುಬೀಜದ ಕಾರ್ಖಾನೆಯವರು, ಉಳಿದವರು ಹಾಳೆತಟ್ಟೆಯವರು. ಸರಕು ಬೇರೆಯಾದರೂ ಇಬ್ಬರಿಗೂ ಇರುವ ತೊಡಕು ಒಂದೇ. ನವಮಂಗಳೂರು ಬಂದರಿನಿಂದ ಕಂಟೇನರ್ ಹೊರಟ ದಿನಕ್ಕೂ ಕೊಳ್ಳುವವನ ಹಣ ನಮ್ಮ ಬ್ಯಾಂಕಿಗೆ ಬಂದು ಸೇರುವ ದಿನಕ್ಕೂ ನಡುವೆ ಎರಡು ಮೂರು ತಿಂಗಳು ಕಳೆಯುತ್ತವೆ. ಅಷ್ಟರೊಳಗೆ ಕೂಲಿ, ಕಚ್ಚಾ ಬೀಜ, ಸಾಗಣೆ ಎಲ್ಲಕ್ಕೂ ರೂಪಾಯಿ ಬೇಕು. ಮತ್ತು ಆ ರೂಪಾಯಿಗೂ ಬರಬೇಕಾದ ಡಾಲರಿಗೂ ಇರುವ ದರ ದಿನದಿನವೂ ಅಲುಗಾಡುತ್ತಿರುತ್ತದೆ. ಹಣದ ಕೊರತೆ ಮತ್ತು ದರದ ಅಪಾಯ ಎಂಬ ಈ ಎರಡನ್ನೂ ಒಂದೇ ಏಟಿಗೆ ಪರಿಹರಿಸುವಂತೆ ಕಾಣುವ ಏರ್ಪಾಡು, ರಫ್ತು ಬಿಲ್ಲನ್ನು ವಿದೇಶಿ ಕರೆನ್ಸಿಯಲ್ಲೇ ಡಿಸ್ಕೌಂಟ್ ಮಾಡಿಸಿಕೊಳ್ಳುವುದು, ಅಂದರೆ ಬಡ್ಡಿ ಮುರಿದುಕೊಂಡು ಉಳಿದ ಬಿಲ್ಲಿನ ಹಣವನ್ನು ಗಡುವಿಗೆ ಮೊದಲೇ ಬ್ಯಾಂಕಿನಿಂದ ಪಡೆಯುವುದು. ಬ್ಯಾಂಕಿನವರು ಇದನ್ನು ಇಬಿಆರ್ ಎನ್ನುತ್ತಾರೆ. ಸರಕು ಸಾಗಿಸುವ ಮೊದಲು ಪಡೆಯುವ ಡಾಲರ್ ಸಾಲಕ್ಕೆ ಪಿಸಿಎಫ್‌ಸಿ ಎಂದು ಹೆಸರು. ಎರಡನ್ನೂ ರಿಸರ್ವ್ ಬ್ಯಾಂಕ್ 1993ರಲ್ಲಿ ಜಾರಿಗೆ ತಂದಿತು.

ಬಿಲ್ಲಿನ ಹಣಕಾಸಿನ ಎಲ್ಲ ಬಗೆಗಳನ್ನೂ ನಾನು ಇಂದು ಹೇಳಲು ಹೋಗುವುದಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳುತ್ತೇನೆ: ನಿಮ್ಮ ಇನ್‌ವಾಯ್ಸಿನ ಡಾಲರಿಗೆ ರೂಪಾಯಿಯ ದರ ನಿಶ್ಚಯವಾಗಿ ನಿಂತದ್ದು ಯಾವ ದಿನ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಡಾಲರ್ ಸಾಲ ತೆಗೆದವರಿಗೆ ತಾವು ಗಳಿಸಿದ್ದೆಷ್ಟು, ಕಳೆದದ್ದೆಷ್ಟು ಎಂಬುದು ವರ್ಷದ ಕೊನೆಗೂ ಅರ್ಥವಾಗುವುದಿಲ್ಲ.

ಒಂದು ಕಂಟೇನರಿನ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಡಬ್ಲ್ಯು320 ದರ್ಜೆಯ ತಿರುಳು, ಐವತ್ತು ಪೌಂಡಿನ 700 ಪೆಟ್ಟಿಗೆ, ಒಟ್ಟು 35,000 ಪೌಂಡು. ಪೌಂಡಿಗೆ 3.20 ಡಾಲರಿನಂತೆ ಇನ್‌ವಾಯ್ಸ್ 1,12,000 ಡಾಲರ್. ಷರತ್ತು ಡಿಎ 90 ದಿನ, ಅಂದರೆ ಕೊಳ್ಳುವವನು ಬಿಲ್ಲನ್ನು ಒಪ್ಪಿ ದಾಖಲೆಗಳನ್ನು ಪಡೆಯುತ್ತಾನೆ, ಹಣವನ್ನು ಬಿಲ್ ಆಫ್ ಲೇಡಿಂಗ್ ತಾರೀಖಿನಿಂದ ತೊಂಬತ್ತನೆಯ ದಿನ ಕೊಡುತ್ತಾನೆ. ಬಿಲ್ ಆಫ್ ಲೇಡಿಂಗ್ 2025ರ ಫೆಬ್ರವರಿ 4ರದ್ದು ಎಂದುಕೊಂಡರೆ ಹಣ ಬರಬೇಕಾದದ್ದು ಮೇ 5ಕ್ಕೆ. ದಾಖಲೆಗಳನ್ನು ಬ್ಯಾಂಕಿಗೆ ಒಪ್ಪಿಸಲು ನಿಯಮದಲ್ಲಿ 21 ದಿನಗಳಿದ್ದರೂ ಹಣದ ಅಗತ್ಯ ಇರುವವರು ಯಾರೂ ಅಷ್ಟು ಕಾಯುವುದಿಲ್ಲ. ನಮ್ಮ ರಫ್ತುದಾರರು ಫೆಬ್ರವರಿ 10ರಂದು ಬಿಲ್ಲನ್ನು ಡಿಸ್ಕೌಂಟಿಗೆ ಕೊಟ್ಟರು. ನಾನು ಬಳಸುವ ವಿನಿಮಯ ದರಗಳು ಆಯಾ ದಿನಗಳ ಮಾರುಕಟ್ಟೆಯ ಆಸುಪಾಸಿನವು. ಬಡ್ಡಿ ಮತ್ತು ಪ್ರೀಮಿಯಂ ಲೆಕ್ಕಕ್ಕೆಂದು ಹಿಡಿದವು, ನಿಮ್ಮ ಬ್ಯಾಂಕಿನಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಡಾಲರ್ ಸಾಲದ ಬಡ್ಡಿಯನ್ನು ಈಗ ಸೋಫರ್ ಎಂಬ ಅಮೆರಿಕದ ದರದ ಮೇಲೆ ಬ್ಯಾಂಕಿನ ಲಾಭಾಂಶ ಸೇರಿಸಿ ಹಾಕುತ್ತಾರೆ. ಹಿಂದಿನ ಲೈಬರ್ 2023ರ ಜೂನಿಗೆ ಮುಗಿಯಿತು. ಆ ಲಾಭಾಂಶ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ರಿಸರ್ವ್ ಬ್ಯಾಂಕ್ ಮಿತಿ ಹಾಕುತ್ತಿದ್ದ ಕಾಲವೂ 2012ರ ಮೇಗೆ ಮುಗಿದಿದೆ. ಈಗ ಅದು ನೀವು ಮತ್ತು ನಿಮ್ಮ ಬ್ಯಾಂಕು ಮಾತಾಡಿಕೊಳ್ಳಬೇಕಾದ ವಿಷಯ. ಮಾತಾಡುವುದಕ್ಕೆ ಸಂಕೋಚಪಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ ಎಂಬುದನ್ನು ನಾನು ಬ್ಯಾಂಕಿನ ಕೌಂಟರಿನ ಒಳಗಿನಿಂದ ನೋಡಿದ್ದೇನೆ. ಇರಲಿ. ಸೋಫರ್ 4.30, ಲಾಭಾಂಶ 1.70, ಒಟ್ಟು ಶೇಕಡಾ 6 ಎಂದುಕೊಳ್ಳೋಣ. ಫೆಬ್ರವರಿ 10ರಿಂದ ಮೇ 5ಕ್ಕೆ 84 ದಿನ. ಡಾಲರ್ ಬಡ್ಡಿಗೆ ವರ್ಷವೆಂದರೆ 360 ದಿನ, ರೂಪಾಯಿಗೆ 365. ಬಡ್ಡಿ 1,568 ಡಾಲರ್. ಅದನ್ನು ಮೊದಲೇ ಮುರಿದುಕೊಂಡು ಬ್ಯಾಂಕು 1,10,432 ಡಾಲರನ್ನು ತಾನು ಡಾಲರ್ ಕೊಳ್ಳುವ ಆ ದಿನದ ಟಿಟಿ ಬೈಯಿಂಗ್ ದರ 87.30ರಲ್ಲಿ ರೂಪಾಯಿ ಮಾಡಿ ಖಾತೆಗೆ ಹಾಕುತ್ತದೆ. ಖಾತೆಗೆ ಬಂದದ್ದು 96,40,714 ರೂಪಾಯಿ.

ಮೇ 5ರಂದು ಕೊಳ್ಳುವವನ 1,12,000 ಡಾಲರ್ ಬಂದಾಗ ಅದು ನೇರವಾಗಿ ಡಾಲರ್ ಸಾಲಕ್ಕೆ ಜಮೆಯಾಗುತ್ತದೆ. ಡಾಲರಿನ ಸಾಲ, ಡಾಲರಿನಲ್ಲೇ ತೀರಿತು. ಅಂದು ರೂಪಾಯಿಯ ದರ ಎಷ್ಟಿದ್ದರೂ ರಫ್ತುದಾರರಿಗೆ ಅದರಿಂದ ಏನೂ ಆಗಬೇಕಾಗಿಲ್ಲ, ಏಕೆಂದರೆ ಅವರ ಡಾಲರ್ ಫೆಬ್ರವರಿ 10ರಂದೇ ಮಾರಿಹೋಗಿದೆ. ಇಬಿಆರ್ ಹೆಸರಿಗೆ ಸಾಲ. ಪಡೆದ ಡಾಲರನ್ನು ರೂಪಾಯಿ ಮಾಡಿಕೊಂಡ ಕ್ಷಣದಲ್ಲಿ ಅದು ಮಾರಾಟವೂ ಹೌದು.

ಈ ಮಾರಾಟ ಆ ವಸಂತದಲ್ಲಿ ಎಷ್ಟು ಬೆಲೆಬಾಳಿತು ಎಂಬುದನ್ನು ಗಮನಿಸಿ. ಫೆಬ್ರವರಿ ಮೊದಲಾರ್ಧದಲ್ಲಿ 87 ದಾಟಿ 88ರ ಹತ್ತಿರ ಹೋಗಿದ್ದ ಡಾಲರ್ ಮೇ ಆರಂಭದಲ್ಲಿ 84ರ ಆಸುಪಾಸಿಗೆ ಇಳಿಯಿತು. ಬಿಲ್ಲನ್ನು ಬರೇ ವಸೂಲಿಗೆ ಕಳಿಸಿ, ರೂಪಾಯಿಯಲ್ಲಿ ಮುಂಗಡ ಪಡೆದು, ದರವನ್ನು ತೆರೆದಿಟ್ಟುಕೊಂಡು ಕಾದವರಿಗೆ ಮೇ 5ರಂದು 84.20ರ ದರ ಸಿಕ್ಕಿದ್ದರೆ ಅದೇ ಬಿಲ್ಲಿನಲ್ಲಿ ಡಾಲರಿಗೆ ಮೂರು ರೂಪಾಯಿ ಹತ್ತು ಪೈಸೆ, ಒಟ್ಟು 3,47,200 ರೂಪಾಯಿ ಕಡಿಮೆ. ಗೇರು ತಿರುಳಿನ ವ್ಯಾಪಾರದಲ್ಲಿ ಒಂದು ಕಂಟೇನರಿಗೆ ಉಳಿಯುವುದೆಷ್ಟು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗೆಂದು ಕಾಯುವುದು ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ; ಅದೇ ವರ್ಷದ ಡಿಸೆಂಬರಿನಲ್ಲಿ ಡಾಲರ್ 90 ದಾಟಿದಾಗ ಕಾದವರೇ ಗೆದ್ದರು. ಕಾಯುವುದಾದರೆ ಕಾಯುತ್ತಿದ್ದೇನೆ ಎಂದು ತಿಳಿದು ಕಾಯಬೇಕು, ಅಷ್ಟೆ.

ಈಗ ಬಡ್ಡಿಯ ಮಾತಿಗೆ ಬರುತ್ತೇನೆ, ಏಕೆಂದರೆ ಡಾಲರ್ ಸಾಲವನ್ನು ಮಾರುವವರು ಮೊದಲು ತೋರಿಸುವುದು ಇದನ್ನೇ. ರೂಪಾಯಿಯಲ್ಲಾದರೆ ಶೇಕಡಾ 9, ಡಾಲರಿನಲ್ಲಾದರೆ ಶೇಕಡಾ 6, ಮೂರು ಶೇಕಡಾ ಉಳಿತಾಯ ಎನ್ನುತ್ತಾರೆ. ನಮ್ಮ ಬಿಲ್ಲಿಗೆ ಇದನ್ನು ಹಾಕಿ ನೋಡಿದರೆ 84 ದಿನಕ್ಕೆ ರೂಪಾಯಿ ಬಡ್ಡಿ ಸುಮಾರು 2,02,500, ಡಾಲರ್ ಬಡ್ಡಿ ರೂಪಾಯಿ ಲೆಕ್ಕದಲ್ಲಿ ಸುಮಾರು 1,36,900. ಉಳಿತಾಯ 65 ಸಾವಿರಕ್ಕೂ ಮೇಲೆ. ಕಾಗದದ ಮೇಲೆ ಇದು ಸರಿ, ಆದರೆ ಹೋಲಿಸಿದ್ದು ಹೋಲಿಸಬಾರದ ಎರಡನ್ನು. ಡಾಲರ್ ಸಾಲದಲ್ಲಿ ನಿಮ್ಮ ದರ ನಿಂತಿದೆ, ರೂಪಾಯಿ ಸಾಲದಲ್ಲಿ ನಿಂತಿಲ್ಲ. ಎರಡನ್ನೂ ಸಮ ಮಾಡಬೇಕಾದರೆ ರೂಪಾಯಿ ಸಾಲದ ಜೊತೆಗೆ ಮೇ 5ಕ್ಕೆ ಡಾಲರ್ ಮಾರುವ ದರವನ್ನು ಇಂದೇ ನಿಶ್ಚಯಿಸುವ ಫಾರ್ವರ್ಡ್ ಒಪ್ಪಂದವನ್ನೂ ಮಾಡಿಕೊಂಡಂತೆ ಎಣಿಸಬೇಕು.

ಫಾರ್ವರ್ಡ್ ದರ ಇಂದಿನ ದರಕ್ಕಿಂತ ಹೆಚ್ಚಿರುತ್ತದೆ. ಆ ಹೆಚ್ಚಳವೇ ಪ್ರೀಮಿಯಂ. ಡಾಲರ್ ಮುಂದೆ ಏರುತ್ತದೆಂದು ಬ್ಯಾಂಕು ಭವಿಷ್ಯ ನುಡಿಯುತ್ತಿದೆ ಎಂದು ಇದನ್ನು ತಿಳಿಯುವವರಿದ್ದಾರೆ, ಹಾಗಲ್ಲ. ರೂಪಾಯಿಯ ಬಡ್ಡಿಗೂ ಡಾಲರಿನ ಬಡ್ಡಿಗೂ ಇರುವ ಅಂತರವೇ ಹೆಚ್ಚುಕಡಿಮೆ ಪ್ರೀಮಿಯಂ ಆಗಿ ದರದಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷಕ್ಕೆ ಶೇಕಡಾ 2.2ರಂತೆ ಹಿಡಿದರೆ 84 ದಿನಕ್ಕೆ 44 ಪೈಸೆ, ಅಂದರೆ ಮೇ 5ರ ಮಾರಾಟಕ್ಕೆ ಫೆಬ್ರವರಿ 10ರಂದೇ 87.74 ಸಿಗುತ್ತಿತ್ತು. 1,12,000 ಡಾಲರಿಗೆ 49,280 ರೂಪಾಯಿ. ರೂಪಾಯಿ ಸಾಲದ ದಾರಿಯಲ್ಲಿ ಇದು ನಿಮಗೆ ಬರುತ್ತಿತ್ತು. ಡಾಲರ್ ಸಾಲದ ದಾರಿಯಲ್ಲಿ ನೀವು ಸ್ಪಾಟ್ ದರದಲ್ಲಿ, ಅಂದರೆ ಅಂದಿನ ದರದಲ್ಲೇ, ಮಾರಿದ್ದರಿಂದ ಇದನ್ನು ಬಿಟ್ಟುಕೊಟ್ಟಿದ್ದೀರಿ. ಫಾರ್ವರ್ಡ್ ದರದಲ್ಲಿ ಬರಬೇಕಾದ 98,26,880 ರೂಪಾಯಿಯಿಂದ ಶೇಕಡಾ 9ರ ಬಡ್ಡಿಯನ್ನು ಮೊದಲೇ ಕಳೆದರೆ ಕೈಗೆ ಬರುವುದು ಸುಮಾರು 96,23,300. ಡಾಲರ್ ದಾರಿಯಲ್ಲಿ ಬಂದದ್ದು 96,40,700. ಆದ್ದರಿಂದ ನಿಜವಾದ ಉಳಿತಾಯ 17 ಸಾವಿರದಷ್ಟು. 65 ಸಾವಿರ ಅಲ್ಲ.

ಹದಿನೇಳು ಸಾವಿರವೂ ಹಣವೇ, ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಅಂತರ ಎಷ್ಟು ತೆಳುವಾದದ್ದು ಎಂಬುದನ್ನು ತಿಳಿದಿರಬೇಕು. ಬ್ಯಾಂಕು ಡಾಲರನ್ನು ರೂಪಾಯಿಗೆ ಬದಲಾಯಿಸುವಾಗ ದರದಲ್ಲಿ ಹದಿನೈದು ಪೈಸೆ ಹೆಚ್ಚು ಹಿಡಿದುಕೊಂಡರೆ ಸುಮಾರು 16,500 ರೂಪಾಯಿ ಅಲ್ಲೇ ಕರಗುತ್ತದೆ. ಬಡ್ಡಿಯಲ್ಲಿ ಕಾಲು ಶೇಕಡಾಕ್ಕಾಗಿ ವಾರಗಟ್ಟಲೆ ಚೌಕಾಸಿ ಮಾಡಿ, ಡಾಲರ್ ಬದಲಾಯಿಸುವ ದಿನ ಬ್ಯಾಂಕು ಕೊಟ್ಟ ದರವನ್ನು ಕೇಳದೆ ಒಪ್ಪುವವರು ಒಂದು ಕೈಯಿಂದ ಗಳಿಸಿ ಇನ್ನೊಂದರಿಂದ ಕೊಡುತ್ತಿದ್ದಾರೆ. ಬದಲಾಯಿಸುವ ಹೊತ್ತಿನಲ್ಲಿ ಮಾರುಕಟ್ಟೆಯ ದರ ಎಷ್ಟಿತ್ತು, ತನಗೆ ಸಿಕ್ಕಿದ್ದೆಷ್ಟು ಎಂದು ಎರಡನ್ನೂ ಬರೆದಿಟ್ಟುಕೊಂಡರೆ ಮೂರು ನಾಲ್ಕು ಬಿಲ್ಲುಗಳಲ್ಲೇ ಬ್ಯಾಂಕಿನ ನಿಜವಾದ ಲಾಭಾಂಶ ಕಣ್ಣಿಗೆ ಕಾಣುತ್ತದೆ. ಸಣ್ಣ ಉದ್ಯಮಗಳಿಗೆ ರೂಪಾಯಿ ರಫ್ತು ಸಾಲದ ಮೇಲೆ ಸರಕಾರ ಕೊಡುತ್ತಿದ್ದ ಬಡ್ಡಿ ಸಮೀಕರಣ ಯೋಜನೆಯ ನೆರವು 2024ರ ಡಿಸೆಂಬರಿಗೆ ಕೊನೆಗೊಂಡಿತು. ಆ ನೆರವು ಡಾಲರ್ ಸಾಲಕ್ಕೆ ಸಿಗುತ್ತಿರಲಿಲ್ಲ. ಆದ್ದರಿಂದ ಅದು ಇದ್ದಾಗ ಇದೇ ಲೆಕ್ಕ ಅನೇಕರಿಗೆ ತಿರುಗಿ ಬೀಳುತ್ತಿತ್ತು. ಸಾಲದ ಬಗೆಯನ್ನು ಒಮ್ಮೆ ಆರಿಸಿ ಮರೆತುಬಿಡುವಂತಿಲ್ಲ ಎನ್ನುವುದಕ್ಕಾಗಿ ಇದನ್ನು ಹೇಳಿದೆ.

ಇಷ್ಟು ಹೊತ್ತು ಸರಕು ಸಾಗಿಸಿದ ಮೇಲೆ ಮೊದಲ ಬಾರಿಗೆ ಡಾಲರ್ ಸಾಲ ಪಡೆದವರ ಮಾತಾಯಿತು. ಮೊದಲೇ ಪಿಸಿಎಫ್‌ಸಿ ಪಡೆದವರಿಗೆ ದರ ನಿಂತ ದಿನ ಬೇರೆ. ನಮ್ಮ ರಫ್ತುದಾರರೇ 2024ರ ಡಿಸೆಂಬರ್ 12ರಂದು, ಡಾಲರ್ 84.70 ಇದ್ದಾಗ, 80,000 ಡಾಲರಿನ ಪಿಸಿಎಫ್‌ಸಿ ತೆಗೆದು ರೂಪಾಯಿ ಮಾಡಿ ಊರಿನ ಬೀಜ ಖರೀದಿಸಿದ್ದರು ಎಂದುಕೊಳ್ಳಿ. ಫೆಬ್ರವರಿ 10ಕ್ಕೆ ಅದರ ಮೇಲಿನ 60 ದಿನದ ಬಡ್ಡಿ 800 ಡಾಲರ್. ಈಗ ಬಿಲ್ ಡಿಸ್ಕೌಂಟಿನಿಂದ ಬಂದ 1,10,432 ಡಾಲರಿನಲ್ಲಿ 80,800 ಡಾಲರ್ ಹಳೆಯ ಸಾಲಕ್ಕೆ ಡಾಲರಾಗಿಯೇ ಹೋಗುತ್ತದೆ. 87.30ರ ದರ ಸಿಗುವುದು ಉಳಿದ 29,632 ಡಾಲರಿಗೆ ಮಾತ್ರ. ಪತ್ರಿಕೆಯಲ್ಲಿ ಡಾಲರ್ 87 ದಾಟಿತೆಂದು ಓದಿ, ನನ್ನ ಕಂಟೇನರಿಗೆ ಎರಡೂವರೆ ರೂಪಾಯಿ ಹೆಚ್ಚು ಸಿಕ್ಕಿತೆಂದು ಲೆಕ್ಕ ಹಾಕಿ, ಆ ಭರವಸೆಯ ಮೇಲೆ ಮುಂದಿನ ಆರ್ಡರಿಗೆ ಬೆಲೆ ಇಳಿಸಿಕೊಟ್ಟರೆ ಹೊಡೆತ ಬೀಳುವುದು ಅಲ್ಲಿ. ಆ ಕಂಟೇನರಿನ ಮುಕ್ಕಾಲು ಪಾಲಿಗೆ ಹತ್ತಿರ ಡಾಲರ್ ಡಿಸೆಂಬರಿನಲ್ಲೇ 84.70ಕ್ಕೆ ಮಾರಾಟವಾಗಿದೆ.

ಆದರೆ ಇಲ್ಲಿಗೊಂದು ಭೇದವಿದೆ. ನಿಮ್ಮಲ್ಲಿ ಹಲವರು ಪಶ್ಚಿಮ ಆಫ್ರಿಕಾದ ಕಚ್ಚಾ ಬೀಜವನ್ನು ತರಿಸುತ್ತೀರಿ, ಅದಕ್ಕೂ ಡಾಲರಿನಲ್ಲೇ ಹಣ ಕೊಡುತ್ತೀರಿ. ಪಿಸಿಎಫ್‌ಸಿ ಡಾಲರನ್ನು ರೂಪಾಯಿ ಮಾಡದೆ ನೇರವಾಗಿ ಆ ಆಮದಿನ ಬಿಲ್ಲಿಗೆ ಕೊಟ್ಟರೆ ರೂಪಾಯಿಯ ದರ ನಡುವೆ ಬರುವುದೇ ಇಲ್ಲ. ಡಾಲರಿನಲ್ಲಿ ಕೊಂಡ ಬೀಜ ಡಾಲರಿನಲ್ಲಿ ಮಾರಿದ ತಿರುಳಾಗುತ್ತದೆ. ದರದ ಅಪಾಯ ಉಳಿಯುವುದು ಕೂಲಿ, ಸಂಸ್ಕರಣೆ ಮತ್ತು ನಿಮ್ಮ ಲಾಭ ಸೇರಿದ ಸಣ್ಣ ಭಾಗಕ್ಕೆ. ಆಮದು ಬೀಜ ಬಳಸುವ ಕಾರ್ಖಾನೆಗೆ ಡಾಲರ್ ಸಾಲ ಸಹಜವಾಗಿ ಹೊಂದುತ್ತದೆ. ಊರಿನ ಬೀಜ ಬಳಸುವವರಿಗೆ ಅದೇ ಸಾಲ ಒಂದು ಮಾರಾಟದ ತೀರ್ಮಾನ. ಒಂದೇ ಕಾಗದಕ್ಕೆ ಸಹಿ ಹಾಕಿದರೂ ಇಬ್ಬರೂ ಮಾಡಿದ್ದು ಬೇರೆ ಬೇರೆ ಕೆಲಸ.

ಮುಂದಿನದು ನಾನು ಹೆಚ್ಚು ಕಂಡಿರುವ ಎಡವಟ್ಟು. ಆರ್ಡರ್ ಸಿಕ್ಕಾಗ ಜಾಗ್ರತೆಯೆಂದು ಫಾರ್ವರ್ಡ್ ಒಪ್ಪಂದ ಮಾಡುತ್ತಾರೆ, ಹಣ ಬರುವ ತಾರೀಖಿಗೆ. ಆಮೇಲೆ ಸರಕು ಹೋದಾಗ ಹಣದ ಮುಗ್ಗಟ್ಟಿನಿಂದ ಬಿಲ್ಲನ್ನು ಡಾಲರಿನಲ್ಲಿ ಡಿಸ್ಕೌಂಟ್ ಮಾಡಿಸಿ ಅಂದಿನ ಸ್ಪಾಟ್ ದರದಲ್ಲಿ ರೂಪಾಯಿ ಮಾಡಿಕೊಳ್ಳುತ್ತಾರೆ. ಮರದ ಮೇಲಿನ ಅಡಿಕೆಯನ್ನು ಒಬ್ಬನಿಗೆ ಗುತ್ತಿಗೆ ಕೊಟ್ಟವನು ಅದೇ ಫಸಲನ್ನು ಇನ್ನೊಬ್ಬನಿಗೂ ತೂಗಿಕೊಟ್ಟಂತಾಯಿತು ಇದು. ಹಣ ಬರುವ ದಿನ ಕೊಳ್ಳುವವನ ಡಾಲರ್ ಸಾಲಕ್ಕೆ ಹೋಗುತ್ತದೆ, ಫಾರ್ವರ್ಡ್ ಒಪ್ಪಂದಕ್ಕೆ ಕೊಡಲು ಡಾಲರ್ ಇರುವುದಿಲ್ಲ. ಒಪ್ಪಂದವನ್ನು ಬ್ಯಾಂಕು ಡಾಲರ್ ಮಾರುವ ಅಂದಿನ ಟಿಟಿ ಸೆಲ್ಲಿಂಗ್ ದರದಲ್ಲಿ ರದ್ದು ಮಾಡಬೇಕಾಗುತ್ತದೆ.

2025ರಲ್ಲೇ ಇದನ್ನು ಇನ್ನೊಂದು ಕಂಟೇನರಿಗೆ ಹಾಕಿ ನೋಡೋಣ. ಮೇ ನಡುವಿನಲ್ಲಿ ಆರ್ಡರ್ ಬಂತು, ಅಕ್ಟೋಬರ್ 6ಕ್ಕೆ 86.00ರಂತೆ 1,12,000 ಡಾಲರ್ ಫಾರ್ವರ್ಡ್ ಮಾರಿದರು. ಜುಲೈ ಮೊದಲ ವಾರ ಸರಕು ಹೋಯಿತು, ಬಿಲ್ಲನ್ನು ಡಿಸ್ಕೌಂಟ್ ಮಾಡಿಸಿ 85.60ರಲ್ಲಿ ರೂಪಾಯಿ ಮಾಡಿದರು. ಅಕ್ಟೋಬರಿನಲ್ಲಿ ಡಾಲರ್ 88.75ರ ಆಸುಪಾಸಿನಲ್ಲಿತ್ತು, ಸೆಲ್ಲಿಂಗ್ ದರ 88.90 ಎಂದರೆ ರದ್ದತಿಯ ನಷ್ಟ ಡಾಲರಿಗೆ 2.90, ಒಟ್ಟು 3,24,800 ರೂಪಾಯಿ. ಕೊಳ್ಳುವವನು ದಿನ ತಪ್ಪದೆ ಪೂರ್ತಿ ಹಣ ಕೊಟ್ಟಿದ್ದಾನೆ, ಸರಕಿನಲ್ಲಿ ದೂರಿಲ್ಲ, ಆದರೂ ಮೂರು ಲಕ್ಷ ಹೋಯಿತು. ಡಾಲರ್ ಇಳಿದಿದ್ದರೆ ಇದೇ ಎಡವಟ್ಟಿನಿಂದ ಲಾಭ ಬರುತ್ತಿತ್ತು ಎನ್ನುವುದೂ ನಿಜ, ಮತ್ತು ಹಾಗೆ ಬಂದ ವರ್ಷ ಯಾರಿಗೂ ಇದು ಎಡವಟ್ಟೆಂದು ಹೊಳೆಯುವುದಿಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಬಿಲ್ಲನ್ನು ಡಿಸ್ಕೌಂಟ್ ಮಾಡಿಸುವುದು ಖಚಿತವಿದ್ದರೆ ಫಾರ್ವರ್ಡ್ ಒಪ್ಪಂದವನ್ನು ಹಣ ಬರುವ ತಾರೀಖಿಗೆ ಮಾಡದೆ ದಾಖಲೆ ಕೊಡುವ ತಾರೀಖಿಗೆ ಮಾಡಬೇಕು, ಡಿಸ್ಕೌಂಟಿನಿಂದ ಬಂದ ಡಾಲರನ್ನು ಆ ಒಪ್ಪಂದಕ್ಕೇ ಒಪ್ಪಿಸಬೇಕು. ಒಪ್ಪಂದ ದೂರದ ತಾರೀಖಿಗೆ ಈಗಾಗಲೇ ಆಗಿದ್ದರೆ ಅವಧಿಗೆ ಮುನ್ನ ಡಾಲರ್ ಒಪ್ಪಿಸಲು ಬ್ಯಾಂಕನ್ನು ಕೇಳಬಹುದು. ಉಳಿದ ಅವಧಿಯ ಪ್ರೀಮಿಯಂ ಕೈಬಿಡುತ್ತದೆ, ಸ್ವಾಪ್ ವ್ಯತ್ಯಾಸವೆಂದು ಬ್ಯಾಂಕು ಅದನ್ನು ವಸೂಲು ಮಾಡುತ್ತದೆ, ಆದರೆ ಅಪಾಯ ಅಲ್ಲಿಗೆ ಮುಗಿಯುತ್ತದೆ. ತೊಂದರೆಯ ಮೂಲ ಇರುವುದು ಹೆಚ್ಚಾಗಿ ಕಚೇರಿಯೊಳಗೆ: ಫಾರ್ವರ್ಡ್ ಮಾಡಿದ್ದು ಮಾಲೀಕರು ಫೋನಿನಲ್ಲಿ, ಬಿಲ್ ಡಿಸ್ಕೌಂಟಿಗೆ ಕೊಟ್ಟದ್ದು ಲೆಕ್ಕದವರು ಬ್ಯಾಂಕಿಗೆ ಹೋಗಿ, ಇಬ್ಬರ ಪುಸ್ತಕವೂ ಬೇರೆ. ಪ್ರತಿ ಇನ್‌ವಾಯ್ಸಿನ ಎದುರು ಪಿಸಿಎಫ್‌ಸಿಗೆ ಎಷ್ಟು ಡಾಲರ್ ಯಾವ ದರದಲ್ಲಿ ಹೋಯಿತು, ಫಾರ್ವರ್ಡ್‌ಗೆ ಎಷ್ಟು, ಇಬಿಆರ್‌ನಲ್ಲಿ ಸ್ಪಾಟ್‌ಗೆ ಎಷ್ಟು ಎಂದು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಮೂರರ ಮೊತ್ತ ಇನ್‌ವಾಯ್ಸಿಗಿಂತ ಹೆಚ್ಚಾದರೆ ನೀವು ನಿಮ್ಮಲ್ಲಿಲ್ಲದ ಡಾಲರ್ ಮಾರಿದ್ದೀರಿ. ಕಡಿಮೆಯಾದರೆ ಅಷ್ಟು ಇನ್ನೂ ತೆರೆದಿದೆ.

ಕೊನೆಯದಾಗಿ, ಹಣವೇ ಬಾರದ ಬಿಲ್ಲು. ಇದುವರೆಗಿನ ಎಲ್ಲ ಲೆಕ್ಕವೂ ಕೊಳ್ಳುವವನು ಕೊಡುತ್ತಾನೆ ಎಂಬುದರ ಮೇಲೆ ನಿಂತಿದೆ. ಅವನು ಕೊಡದಿದ್ದರೆ ಡಾಲರ್ ಸಾಲ ಹಾಗೆಯೇ ಉಳಿಯುತ್ತದೆ, ಮತ್ತು ಅದನ್ನು ತೀರಿಸಬೇಕಾದವರು ನೀವು. ಗಡುವು ಮೀರಿದ ಕೆಲ ಕಾಲದ ನಂತರ ಬ್ಯಾಂಕು ಆ ಡಾಲರ್ ಬಾಕಿಯನ್ನು ಟಿಟಿ ಸೆಲ್ಲಿಂಗ್ ದರದಲ್ಲಿ ರೂಪಾಯಿ ಬಾಕಿಯಾಗಿ ಬದಲಾಯಿಸುತ್ತದೆ. ಇದಕ್ಕೆ ಕ್ರಿಸ್ಟಲೈಸೇಶನ್ ಎನ್ನುತ್ತಾರೆ. ಹಿಂದೆ ಗಡುವಿನ ನಂತರದ ಮೂವತ್ತನೆಯ ದಿನವೆಂದು ಎಲ್ಲ ಬ್ಯಾಂಕುಗಳಿಗೂ ಒಂದೇ ನಿಯಮವಿತ್ತು, ಈಗ ಆಯಾ ಬ್ಯಾಂಕಿನ ನೀತಿಯಂತೆ ನಡೆಯುತ್ತದೆ. ಆ ದಿನ ಎಷ್ಟನೆಯದು ಎಂಬುದು ನಿಮ್ಮ ಸಾಲ ಮಂಜೂರಾತಿ ಪತ್ರದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾಳೆ ಕಚೇರಿಗೆ ಹೋದಾಗ ಹುಡುಕಿ ನೋಡಿ.

ಜುಲೈನಲ್ಲಿ 85.60ಕ್ಕೆ ಡಿಸ್ಕೌಂಟ್ ಆದ ಅದೇ ಬಿಲ್ಲಿಗೆ ಅಕ್ಟೋಬರ್ 6ರಂದು ಹಣ ಬರಲಿಲ್ಲ, ನವೆಂಬರ್ 6ರ ಹೊತ್ತಿಗೆ ಬ್ಯಾಂಕು ಅದನ್ನು 88.80ರಲ್ಲಿ ರೂಪಾಯಿ ಮಾಡಿತು ಎಂದುಕೊಳ್ಳಿ. ಜುಲೈನಲ್ಲಿ ಸಿಕ್ಕಿದ ದರಕ್ಕೂ ಈಗ ಕೊಡಬೇಕಾದ ದರಕ್ಕೂ 3.20 ರೂಪಾಯಿ ಅಂತರ. 3,58,400 ರೂಪಾಯಿ ದರದ್ದೇ ನಷ್ಟ, ಗಡುವು ಮೀರಿದ ಬಡ್ಡಿ ಬೇರೆ. ಖಾತೆಯಿಂದ ಒಟ್ಟು ತೆಗೆಯುವ ಮೊತ್ತ 99 ಲಕ್ಷ ದಾಟುತ್ತದೆ. ಡಾಲರ್ ಏರಿದರೆ ರಫ್ತುದಾರನಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುವ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಡಾಲರ್ ಸಾಲ ಪಡೆದು ಮಾರಿದವನು, ಹಣ ಬಾರದಿದ್ದಾಗ, ಡಾಲರ್ ಕೊಳ್ಳಬೇಕಾದವನಾಗುತ್ತಾನೆ. ಅವನಿಗೀಗ ಡಾಲರ್ ಏರಿದಷ್ಟೂ ನಷ್ಟ. ಡಾಲರ್ ಇಳಿದಿದ್ದರೆ ಲಾಭ ಅವನದಾಗುತ್ತಿತ್ತೇ? ರೂಪಾಯಿಯಲ್ಲಿ ಖರೀದಿಸಿದ ಬಿಲ್ಲುಗಳಿಗೆ ಮೂಲದ ಖರೀದಿ ದರ ಅಥವಾ ಅಂದಿನ ಸೆಲ್ಲಿಂಗ್ ದರ, ಎರಡರಲ್ಲಿ ಹೆಚ್ಚಿನದನ್ನು ಹಿಡಿಯುವ ರೂಢಿಯಿತ್ತು. ಅಂದರೆ ಏರಿದರೆ ನಷ್ಟ ನಿಮ್ಮದು, ಇಳಿದರೆ ಲಾಭ ನಿಮ್ಮದಲ್ಲ. ನಿಮ್ಮ ಬ್ಯಾಂಕಿನ ನೀತಿ ಈಗ ಹೇಗಿದೆ ಎಂದು ಲಿಖಿತವಾಗಿ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಕ್ರಿಸ್ಟಲೈಸ್ ಆದ ಮೇಲೆ ಅಪಾಯ ಮತ್ತೊಮ್ಮೆ ತಿರುಗುತ್ತದೆ. ಈಗ ನಿಮ್ಮ ಬಾಕಿ ರೂಪಾಯಿಯಲ್ಲಿದೆ, ಬರಬೇಕಾದ ಹಣ ಡಾಲರಿನಲ್ಲಿದೆ, ಅದಕ್ಕೆ ದರ ನಿಂತಿಲ್ಲ. ಕೊಳ್ಳುವವನು ಡಿಸೆಂಬರಿನಲ್ಲಿ ಪೂರ್ತಿ ಹಣ ಕೊಟ್ಟು, ಅಂದು 89.80 ಸಿಕ್ಕಿದರೆ ದರದ ನಷ್ಟವೆಲ್ಲ ತುಂಬಿ ಒಂದು ರೂಪಾಯಿ ಮೇಲೂ ಬಂದಿತು. ನಡುವಿನ ಒಂದು ತಿಂಗಳು 99 ಲಕ್ಷವನ್ನು ಎಲ್ಲಿಂದಲೋ ಹೊಂದಿಸಿದ ಬಡ್ಡಿ ಮಾತ್ರ ಹೋಯಿತು. ಅವನು ಕೊಡಲೇ ಇಲ್ಲವೆಂದರೆ ಸರಕಿನ ಬೆಲೆಯ ಜೊತೆಗೆ ಆ ಮೂರೂವರೆ ಲಕ್ಷವೂ ಹೋಗುತ್ತದೆ. ಇಸಿಜಿಸಿ ಪಾಲಿಸಿ ಇದ್ದವರು ನೆಮ್ಮದಿಯಾಗಿರುತ್ತಾರೆ, ಆದರೆ ಅದು ಕೊಳ್ಳುವವನು ಕೊಡದ ಹಣಕ್ಕೆ ಇರುವ ರಕ್ಷಣೆ, ವಿನಿಮಯ ದರದ ನಷ್ಟಕ್ಕಲ್ಲ.

ಪೂರ್ತಿ ಕೈಕೊಡುವವರಿಗಿಂತ ಸ್ವಲ್ಪ ಕಡಿಮೆ ಕೊಡುವವರು ಹೆಚ್ಚು. ತಿರುಳಿನಲ್ಲಿ ತೇವ ಜಾಸ್ತಿ, ಒಡಕು ಜಾಸ್ತಿ ಎಂದು ಶೇಕಡಾ 3 ಮುರಿದುಕೊಂಡರೆ 3,360 ಡಾಲರ್ ಕೊರತೆ. ಅಷ್ಟು ಡಾಲರನ್ನು ಅಂದಿನ ಸೆಲ್ಲಿಂಗ್ ದರದಲ್ಲಿ ಕೊಂಡು ಸಾಲ ಮುಗಿಸಬೇಕು. ಹಳೆಯ ಅನುಭವದಿಂದ ಇಂಥ ಕಡಿತ ಬರುವ ಕೊಳ್ಳುವವರಿದ್ದರೆ ಬಿಲ್ಲಿನ ಪೂರ್ತಿ ಮೊತ್ತವನ್ನು ಡಿಸ್ಕೌಂಟ್ ಮಾಡಿಸದೆ ಶೇಕಡಾ 90ರಷ್ಟನ್ನು ಮಾತ್ರ ಮಾಡಿಸುವುದು ನನಗೆ ಸರಿಯಾಗಿ ಕಾಣುತ್ತದೆ. ಮುನ್ಸೂಚನೆಗಳೂ ಇರುತ್ತವೆ. ಕೊಳ್ಳುವವನ ಬ್ಯಾಂಕಿನಿಂದ ಒಪ್ಪಿಗೆಯ ಸ್ವಿಫ್ಟ್ ಸಂದೇಶ ಗಡುವಿನ ತಾರೀಖನ್ನು ಹೇಳಿ ಬರಬೇಕು. ದಾಖಲೆ ತಲುಪಿ ವಾರಗಳಾದರೂ ಅದು ಬಂದಿಲ್ಲವೆಂದರೆ, ಅಥವಾ ಸರಕು ಬಂದರಿನಿಂದ ಬಿಡಿಸಿಕೊಂಡಿಲ್ಲವೆಂದು ಹಡಗಿನ ಏಜೆಂಟ್ ಹೇಳಿದರೆ, ಗಡುವಿನ ದಿನದ ವರೆಗೆ ಕಾಯಬಾರದು. ಆ ಸಂಶಯ ಬಂದ ದಿನವೇ ಬಾಕಿ ಡಾಲರಿಗೆ ಏನು ಮಾಡುವುದೆಂದು ಬ್ಯಾಂಕಿನೊಡನೆ ಮಾತಾಡಿದವರಿಗೆ ಕ್ರಿಸ್ಟಲೈಸೇಶನ್ ದಿನದ ದರವನ್ನು ದೈವಕ್ಕೆ ಬಿಡಬೇಕಾಗುವುದಿಲ್ಲ.

ಭಾಷಣ ಮುಗಿದ ಮೇಲೆ ಬದಿಯಡ್ಕ ಕಡೆಯ ಹಾಳೆತಟ್ಟೆ ರಫ್ತುದಾರರೊಬ್ಬರು, ತಾವು ಜರ್ಮನಿಗೆ ಯೂರೋದಲ್ಲಿ ಇನ್‌ವಾಯ್ಸ್ ಮಾಡುತ್ತೇವೆ, ಬ್ಯಾಂಕಿನವರು ಡಾಲರ್ ಸಾಲವನ್ನೇ ತೋರಿಸುತ್ತಾರೆ, ಯೂರೋ ಸಾಲ ಕೇಳಬೇಕೇ ಎಂದು ವಿಚಾರಿಸಿದರು. ಕೇಳಬೇಕು ಎಂದೆ. ಇನ್‌ವಾಯ್ಸ್ ಯೂರೋದಲ್ಲಿದ್ದು ಸಾಲ ಡಾಲರಿನಲ್ಲಿದ್ದರೆ ರೂಪಾಯಿಯ ಅಪಾಯ ತಪ್ಪಿಸಲು ಹೋಗಿ ಯೂರೋ ಮತ್ತು ಡಾಲರಿನ ನಡುವಿನ ಅಪಾಯ ತಂದುಕೊಂಡಂತಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಒಂದು ಯೂರೋಗೆ 1.11 ಡಾಲರ್ ಇದ್ದಾಗ 20,000 ಯೂರೋ ಬಿಲ್ಲಿನ ಮೇಲೆ 22,000 ಡಾಲರ್ ಸಾಲ ತೆಗೆದವರಿಗೆ 2025ರ ಜನವರಿಯಲ್ಲಿ ಯೂರೋ 1.03ಕ್ಕೆ ಇಳಿದಾಗ ಆ ಯೂರೋದಿಂದ ಬಂದದ್ದು 20,600 ಡಾಲರ್. 1,400 ಡಾಲರ್, ಅಂದರೆ 1,20,000 ರೂಪಾಯಿಯಷ್ಟನ್ನು, ಕೈಯಿಂದ ಹಾಕಬೇಕಾಯಿತು. ಯೂರೋದ ಬಡ್ಡಿ ಡಾಲರಿಗಿಂತ ಕಡಿಮೆ ಇದೆಯಲ್ಲ, ಅದು ಲಾಭವಲ್ಲವೇ ಎಂದು ಅವರು ಮತ್ತೆ ಕೇಳಿದರು. ಬಡ್ಡಿ ಎಷ್ಟು ಕಡಿಮೆಯೋ ಯೂರೋ ಮತ್ತು ರೂಪಾಯಿಯ ನಡುವಿನ ಫಾರ್ವರ್ಡ್ ಪ್ರೀಮಿಯಂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿರುತ್ತದೆ. ಯೂರೋ ಸಾಲ ಪಡೆದು ಸ್ಪಾಟ್‌ನಲ್ಲಿ ಮಾರಿದವರು ಆ ದೊಡ್ಡ ಪ್ರೀಮಿಯಮನ್ನು ಬಿಟ್ಟುಕೊಡುತ್ತಾರೆ. ಆದ್ದರಿಂದ ಅವರೂ ಗೇರಿನ ಕಂಟೇನರಿಗೆ ಮಾಡಿದಂತೆಯೇ, ರೂಪಾಯಿ ಬಡ್ಡಿಯಿಂದ ಯೂರೋ ಪ್ರೀಮಿಯಂ ಕಳೆದು ಉಳಿದದ್ದನ್ನು ಯೂರೋ ಬಡ್ಡಿಯ ಪಕ್ಕದಲ್ಲಿಟ್ಟು ನೋಡಬೇಕು.